ರ‍್ಯಾಂಪ್ ಮುಗಿದ ಮೇಲೆ ವೀಲ್‌ಚೇರ್ ನಿಲ್ಲೋದೆಲ್ಲಿ?

ನಾನಿರುವ ಜರ್ಮನಿಯಲ್ಲಿ ವೀಲ್‌ಚೇರ್ ಬಳಸುವವರಿಗಾಗಿ ಮನೆಯ ನಕ್ಷೆ ಬರೆಯುವಾಗ ಒಂದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಚೌಕಗಳನ್ನು ಚುಕ್ಕಿಗೆರೆಯಲ್ಲಿ ಹಾಕಿರುತ್ತಾರೆ. ಬಾಗಿಲ ಮುಂದೆ ಒಂದು, ಬಚ್ಚಲಲ್ಲಿ ಒಂದು, ಮಂಚದ ಪಕ್ಕ ಒಂದು. ವೀಲ್‌ಚೇರ್ ನಿಂತು ತಿರುಗೋಕೆ ಬೇಕಾದ ಜಾಗ ಅದು. ಗೋಡೆ, ಬಾಗಿಲು, ರ‍್ಯಾಂಪ್ ಎಲ್ಲ ಆ ಚೌಕಗಳಿಗೆ ಹೊಂದಿಕೊಂಡು ಬರುತ್ತವೆ. ನಮ್ಮ ಕಡೆ ಮಾತು ರ‍್ಯಾಂಪಿನಿಂದ ಶುರುವಾಗುತ್ತದೆ, ಬಹಳ ಸಲ ಅಲ್ಲೇ ಮುಗಿದೂ ಹೋಗುತ್ತದೆ. ಈ ಒಂದು ವಿಷಯದಲ್ಲಿ ಇಲ್ಲಿನ ಕ್ರಮವೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಅಮ್ಮನ ಮನೆಯನ್ನೇ ತೊಗೊಳ್ಳಿ. ಮನೆಯೊಳಗಿನ ನೆಲ ಅಂಗಳಕ್ಕಿಂತ 45 ಸೆಂ.ಮೀ. ಮೇಲಿದೆ, ಅಂದರೆ ಮೂರು ಮೆಟ್ಟಿಲು. ಬಾಗಿಲಿನಿಂದ ಗೇಟಿಗೆ 6 ಮೀಟರ್. ತಮ್ಮ ಫೋಟೊ ಕಳಿಸಿ ಫೋನ್ ಮಾಡಿದ: "ಅಣ್ಣ, 1:12ರಲ್ಲೇ ಹಾಕಿಸಿದೀನಿ, ಅಳತೆ ಪಕ್ಕಾ ಇದೆ. ಆದ್ರೂ ಅಮ್ಮನಿಗೆ ಒಬ್ಬರೇ ಒಳಗೆ ಹೋಗೋಕೆ ಆಗ್ತಿಲ್ಲ."

ಅವನ ಲೆಕ್ಕ ಸರಿಯಾಗೇ ಇತ್ತು. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಅನ್ನೋದು 1:12. ಹಾಗಾಗಿ 45 ಸೆಂ.ಮೀ. ಏರೋಕೆ 5.4 ಮೀಟರ್ ಬೇಕು, ಅಷ್ಟು ಹಾಕಿದ್ದಾರೆ. ಆದರೆ ಇಳಿಜಾರು ನೇರವಾಗಿ ಹೊಸ್ತಿಲಿಗೇ ಬಂದು ಮುಟ್ಟಿದೆ. ಮುಂದೆ ಒಂದು ಗ್ರಿಲ್ ಬಾಗಿಲು, ಅದು ಹೊರಗೆ ತೆರೆಯುತ್ತದೆ. ಈಗ ಅಮ್ಮ ಅಲ್ಲಿಗೆ ಬಂದರು ಅಂದುಕೊಳ್ಳಿ. ಬಾಗಿಲು ಎಳೆಯೋಕೆ ಒಂದು ಕೈ ಚಕ್ರದಿಂದ ತೆಗೆಯಬೇಕು. ತೆಗೆದ ತಕ್ಷಣ ಕುರ್ಚಿ ಓರೆಯಾಗಿ ಹಿಂದಕ್ಕೆ ಜಾರುತ್ತದೆ. ಬ್ರೇಕ್ ಹಾಕಿಕೊಂಡು ಎಳೆದರೆ ಬಾಗಿಲು ಅವರ ಮೊಣಕಾಲಿಗೇ ಬಂದು ಬಡಿಯುತ್ತದೆ, ಹಿಂದೆ ಸರಿಯೋಣ ಅಂದರೆ ಬ್ರೇಕ್ ಬಿಡಬೇಕು. ಇಳಿಜಾರಿನ ಮೇಲೆ ಕೂತು ಬಾಗಿಲು ತೆರೆಯೋದು ಆಗದ ಕೆಲಸ.

ಹಾಗಾಗಿ ಬಾಗಿಲ ಮುಂದೆ ಮೊದಲು ಸಮತಟ್ಟಾದ ಜಾಗ ಬೇಕು. ಒಂದೂವರೆ ಮೀಟರ್ ಚೌಕ, ಒಳಗಿನ ನೆಲದ ಮಟ್ಟಕ್ಕೇ ಇರಬೇಕು. ಅದನ್ನು ಬಾಗಿಲಿಗೆ ಸರಿಯಾಗಿ ಮಧ್ಯಕ್ಕೆ ಹಾಕಿದರೂ ಸಾಲದು. ಬಾಗಿಲ ಹಿಡಿ ಇರುವ ಕಡೆ ಗೋಡೆಯ ಮೂಲೆಗೋ ಕಟ್ಟೆಗೋ ಹಿಡಿಯಿಂದ 50 ಸೆಂ.ಮೀ. ಆದರೂ ಅಂತರ ಇರಬೇಕು ಅಂತ ಜರ್ಮನಿಯ ಕಟ್ಟಡ ಮಾನದಂಡ ಡಿಐಎನ್ 18040 ಹೇಳುತ್ತದೆ. ಅಮೆರಿಕದ ನಿಯಮದಲ್ಲೂ ಎಳೆಯುವ ಬದಿಯಲ್ಲಿ ಸುಮಾರು 45 ಸೆಂ.ಮೀ. ಜಾಗ ಕೇಳುತ್ತಾರೆ. ಕಾರಣ ಸರಳ. ಕೂತವರ ಪಾದ ಮುಂದಿರುತ್ತದೆ, ಕೈ ಹಿಂದಿರುತ್ತದೆ. ಹಿಡಿ ಮೂಲೆಯಲ್ಲಿದ್ದರೆ ಕೈ ಮುಟ್ಟುವ ಮೊದಲೇ ಪಾದದ ಹಲಗೆ ಗೋಡೆಗೆ ತಾಗುತ್ತದೆ. ಪಕ್ಕದಲ್ಲಿ ಜಾಗ ಇದ್ದರೆ ಕುರ್ಚಿಯನ್ನು ಓರೆಯಾಗಿ ನಿಲ್ಲಿಸಿ, ಬಾಗಿಲನ್ನು ತಮ್ಮ ಮುಂದೆ ಹಾಯುವಂತೆ ಎಳೆದುಕೊಳ್ಳಬಹುದು.

ಸರಿ, ಈ ಚೌಕ ಇಟ್ಟ ಮೇಲೆ ನೇರ ರ‍್ಯಾಂಪಿಗೆ ಉಳಿಯೋದು ನಾಲ್ಕೂವರೆ ಮೀಟರ್ ಮಾತ್ರ. ಹಾಗಾಗಿ ನಾವು ಅದನ್ನು ಗೋಡೆಯ ಉದ್ದಕ್ಕೆ ತಿರುಗಿಸಿದೆವು. ಮನೆಯ ಮುಂಭಾಗದಲ್ಲಿ ಬಾಗಿಲ ಹಿಡಿಯ ಕಡೆಗೆ 8 ಮೀಟರ್ ಗೋಡೆ ಇತ್ತು. ಬಾಗಿಲ ಚೌಕ ಆದ ಮೇಲೆ ಗೋಡೆಗುಂಟ 5 ಮೀಟರ್ ಇಳಿಜಾರು, ಅಷ್ಟರಲ್ಲಿ 30 ಸೆಂ.ಮೀ. ಇಳಿಯುತ್ತದೆ. ಅಲ್ಲಿ ತಿರುಗೋಕೆ ಇನ್ನೊಂದು ಒಂದೂವರೆ ಮೀಟರ್ ಚೌಕ. ಆಮೇಲೆ ಗೇಟಿನ ಕಡೆಗೆ ಎರಡೂವರೆ ಮೀಟರ್, ಉಳಿದ 15 ಸೆಂ.ಮೀ. ಇಳಿಯುತ್ತದೆ. ಗೇಟಿನ ಮುಂದೆ ಇನ್ನೂ 2 ಮೀಟರ್ ಮಟ್ಟ ನೆಲ ಉಳಿಯಿತು.

ಲೆಕ್ಕ ನೋಡಿದವರಿಗೆ ಗೊತ್ತಾಗಿರುತ್ತದೆ, ಇದು 1:12 ಅಲ್ಲ. ನೂರಕ್ಕೆ ಆರು, ಜರ್ಮನಿಯ ಮಿತಿ. ಇದಕ್ಕೆ ನಾನು ಹಟ ಹಿಡಿದೆ. 1:12 ಅನ್ನೋದು ಇದಕ್ಕಿಂತ ಕಡಿದಾಗಬಾರದು ಅನ್ನುವ ಕೊನೆಯ ಗೆರೆ. ನಮ್ಮಲ್ಲಿ ಅದನ್ನೇ ಗುರಿ ಅಂದುಕೊಂಡುಬಿಟ್ಟಿದ್ದೀವಿ. ಅಮ್ಮ ಮತ್ತು ಕುರ್ಚಿ ಸೇರಿ 75 ಕೆಜಿ. 1:12ರಲ್ಲಿ 6 ಕೆಜಿಗೂ ಸ್ವಲ್ಪ ಜಾಸ್ತಿ ಭಾರ ಹಿಂದಕ್ಕೆ ಎಳೆಯುತ್ತಿರುತ್ತದೆ, ನೂರಕ್ಕೆ ಆರರಲ್ಲಿ ನಾಲ್ಕೂವರೆ ಕೆಜಿ. ಸ್ಕೂಟರ್ ಹತ್ತಿಸೋಕೆ ಹಾಕುವ ರ‍್ಯಾಂಪ್ 1:6 ಇದ್ದರೆ 12 ಕೆಜಿ ದಾಟುತ್ತದೆ. ಚಕ್ರ ತಳ್ಳಿ, ಕೈ ಹಿಂದೆ ತಂದು ಮತ್ತೆ ಹಿಡಿಯುವ ನಡುವೆ ಆ ಭಾರವೇ ಕುರ್ಚಿಯನ್ನು ಹಿಂದಕ್ಕೆ ಒಯ್ಯೋದು. ಹಿಂದಿನಿಂದ ಒಬ್ಬರು ತಳ್ಳಿದರೆ 1:12 ನಡೆದೀತು. ವಯಸ್ಸಾದವರು ತಾವೇ ಹೋಗಬೇಕು ಅಂದರೆ ಈ ವ್ಯತ್ಯಾಸ ದೊಡ್ಡದು. ಜಾಗವೇ ಇಲ್ಲದಿದ್ದರೆ ಬೇರೆ ಮಾತು. ಇದ್ದರೆ ಯಾಕೆ ಉಳಿಸಬೇಕು?

ರ‍್ಯಾಂಪಿನ ಅಗಲ 1.2 ಮೀಟರ್, ಎರಡೂ ಕಡೆ ಹಿಡಿಕಂಬಿ, ಚಕ್ರ ಜಾರದ ಹಾಗೆ ಅಂಚಿಗೆ 10 ಸೆಂ.ಮೀ. ಕಟ್ಟೆ. ಇದನ್ನು ಮೇಸ್ತ್ರಿ ಒಂದು ಸಲಕ್ಕೇ ಅರ್ಥ ಮಾಡಿಕೊಂಡರು. ಹೊಸ್ತಿಲು ತೆಗೆದರೆ ಮಳೆನೀರು ಒಳಗೆ ಬರುತ್ತೆ ಅಂತ ಮಾತ್ರ ಅವರಿಗೆ ಚಿಂತೆ ಇತ್ತು, ಅದು ನ್ಯಾಯವೇ. ಬಾಗಿಲ ಮುಂದೆ ಅಡ್ಡಲಾಗಿ ಸಣ್ಣ ಚರಂಡಿ ಮಾಡಿ, ಮೇಲೆ ಒತ್ತು ಕಂಬಿಯ ಜಾಲರಿ ಹಾಕಿದರೆ ನೀರು ಅಲ್ಲೇ ಇಳಿಯುತ್ತದೆ. ಇಲ್ಲಿ ಹೊಸ್ತಿಲಿಲ್ಲದ ಬಾಗಿಲುಗಳಿಗೆ ಹೀಗೇ ಮಾಡುತ್ತಾರೆ. ಜಾಲರಿಯ ಸಂದು ಮಾತ್ರ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳದಷ್ಟು ಕಿರಿದಾಗಿರಬೇಕು.

ಒಳಗಿನ ಬಾಗಿಲುಗಳ ಕಥೆಯೇ ಬೇರೆ. "ಎರಡೂವರೆ ಅಡಿ ಬಾಗಿಲು" ಅಂದರೆ ನಮ್ಮ ಬಡಗಿಗಳಿಗೆ ಚೌಕಟ್ಟಿನ ಹೊರಗಿನ ಅಳತೆ, 76 ಸೆಂ.ಮೀ. ಎರಡೂ ಕಡೆಯ ಚೌಕಟ್ಟಿನ ಮರ ಸೇರಿ 12 ಸೆಂ.ಮೀ. ಹೋಯಿತು. ಬಾಗಿಲು ತೆರೆದಾಗ ಅದರ ದಪ್ಪವೂ 3 ಸೆಂ.ಮೀ. ತಿನ್ನುತ್ತದೆ. ಉಳಿದದ್ದು 61. ಅಮ್ಮನ ಕುರ್ಚಿಯ ಅಗಲ 65, ಚಕ್ರ ಹಿಡಿದ ಬೆರಳುಗಳಿಗೆ ಇನ್ನೂ ಜಾಗ ಬೇಕು. ಜರ್ಮನಿಯಲ್ಲಿ ವೀಲ್‌ಚೇರ್ ಮನೆಗೆ 90 ಸೆಂ.ಮೀ. ಬಾಗಿಲು ಅಂದರೆ ಹಾದುಹೋಗುವ ದಾರಿಯೇ 90. ಬಾಗಿಲನ್ನು ನೇರಕ್ಕೆ ತೆರೆದು, ಅದರ ಮೈಯಿಂದ ಎದುರಿನ ಚೌಕಟ್ಟಿನವರೆಗೆ ಟೇಪ್ ಹಿಡಿಯಿರಿ. ಆ ಒಂದೇ ಅಳತೆ ಲೆಕ್ಕಕ್ಕೆ. ಅಲ್ಲಿ 90 ಬರಬೇಕಾದರೆ ಗೋಡೆಯಲ್ಲಿ 105ರ ಆಸುಪಾಸು ಬಿಡಬೇಕಾಗುತ್ತದೆ.

ಪಡಸಾಲೆ ಕಿರಿದಾಗಿದ್ದಷ್ಟೂ ಬಾಗಿಲು ಅಗಲವಾಗಬೇಕು ಅನ್ನೋದನ್ನೂ ಮರೆಯಬೇಡಿ. ನೇರ ನುಗ್ಗುವ ಕುರ್ಚಿಗೆ ಸಾಕಾಗುವ ಬಾಗಿಲು, ಪಕ್ಕಕ್ಕೆ ತಿರುಗಿ ಒಳಹೋಗುವ ಕುರ್ಚಿಗೆ ಸಾಲುವುದಿಲ್ಲ.

ಬಚ್ಚಲಿನ ವಿಷಯದಲ್ಲಿ ನಮ್ಮ ಮನೆಗಳೇ ಮುಂದೆ. ಇಲ್ಲಿನ ಹಳೆ ಮನೆಗಳಲ್ಲಿ ತೊಟ್ಟಿಯನ್ನೋ ಕಟ್ಟೆ ಇರುವ ಶವರನ್ನೋ ಒಡೆದು ತೆಗೆಯಬೇಕು. ನಮ್ಮಲ್ಲಿ ಇಡೀ ನೆಲವೇ ನೀರು ಬೀಳೋ ಜಾಗ, ಕುರ್ಚಿ ಎಲ್ಲಿಗೆ ಬೇಕಾದರೂ ಹೋಗಬಹುದು. ಬಾಗಿಲ ಬಳಿಯ ತಗ್ಗು ಸರಿಮಾಡಿ, ಗೋಡೆಗೆ ಕೂರಿಸಿದ ಬೇಸಿನ್ನಿನ ಕೆಳಗೆ ಮೊಣಕಾಲು ಹೋಗುವಂತೆ ಖಾಲಿ ಬಿಟ್ಟರೆ ತಿರುಗುವ ಚೌಕ ಅಲ್ಲೂ ಸಿಗುತ್ತದೆ. ಆದರೆ ನಮ್ಮ ಬಚ್ಚಲ ಬಾಗಿಲು ಒಳಗೆ ತೆರೆಯುತ್ತದೆ. ಅದು ಚೌಕವನ್ನೇ ನುಂಗುತ್ತದೆ, ಮೇಲಾಗಿ ಒಳಗೆ ಯಾರಾದರೂ ಬಿದ್ದರೆ ಅವರ ಮೈಗೇ ಬಾಗಿಲು ಒತ್ತಿ ಯಾರೂ ಒಳಗೆ ಹೋಗಲಾಗುವುದಿಲ್ಲ. ಇಲ್ಲಿನ ನಿಯಮ ಅದನ್ನು ಒಪ್ಪುವುದೇ ಇಲ್ಲ, ಬಾಗಿಲು ಹೊರಗೇ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಬೀಗವೂ ಹೊರಗಿನಿಂದ ತೆರೆಯುವಂತಿರಬೇಕು. ಅಮ್ಮನ ಮನೆಯಲ್ಲಿ ಗೋಡೆ ಒಡೆದು ಸರಿಸುವ ಬಾಗಿಲು ಹಾಕಿಸಿದೆವು. ಮನೆ ಇನ್ನೂ ಕಟ್ಟುತ್ತಿರುವವರು ಚೌಕಟ್ಟು ನಿಲ್ಲಿಸುವ ಮೊದಲೇ ಬಡಗಿಗೆ ಇದನ್ನು ಹೇಳಿಬಿಡಿ, ಆಮೇಲೆ ಒಡೆಯೋದು ತಪ್ಪುತ್ತದೆ.