ಟಾವೆಲ್ ಪಕ್ಕ ಟಾವೆಲ್, ಟಾವೆಲ್ ಪಕ್ಕ ಸೀರೆ

ಮದುವೆ ಮನೆಯಲ್ಲಿ ತಲೆ ತಿನ್ನುವ ಕೆಲಸ ಯಾವುದು ಅಂತ ನನ್ನನ್ನು ಕೇಳಿ. ಅಡುಗೆಯಲ್ಲ, ಪೆಂಡಾಲಲ್ಲ. ಆಯೇರಿ. ಯಾರಿಗೆ ಸೀರೆ, ಯಾರಿಗೆ ಬರೀ ಖಣ, ಯಾರಿಗೆ ಧೋತರ, ಯಾರಿಗೆ ಟಾವೆಲ್-ಟೋಪಿ. ಒಂದು ಗಂಟು ಅತ್ತಿತ್ತ ಆದರೆ ಆ ಮನೆಯವರು ಅದನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ. ಊಟ ಹೇಗಿತ್ತು ಅನ್ನೋದನ್ನು ಮಾತ್ರ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮರೆತಿರುತ್ತಾರೆ. ತಮ್ಮನ ಮದುವೆ ಮುಗಿದಿದೆ, ಬುಂದೇ ಉಂಡಿ ಇನ್ನೂ ಡಬ್ಬಿಯಲ್ಲಿವೆ. ನನ್ನ ಸಿಟ್ಟೂ ಇದೆ.

ಮದುವೆಯ ಹಿಂದಿನ ದಿನ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಡುಮನೆಯ ತುಂಬ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧೋತರ, ಪ್ಯಾಂಟ್ ಪೀಸು, ಟಾವೆಲ್ಲು. ನಡುವೆ ನಮ್ಮವ್ವ. ಅವಳು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಗಂಟಿಗೆ ಸಿಕ್ಕಿಸುವುದು ನನ್ನ ಕೆಲಸ. ಕಷ್ಟ ಏನಂದರೆ ನಮ್ಮವ್ವನ ಬಾಯಲ್ಲಿ ಯಾರಿಗೂ ಹೆಸರೇ ಇಲ್ಲ. "ಮುಧೋಳದವ್ರು ಬರಿ. ಬೀಳಗಿಯಾಕಿ ಬರಿ. ಬಾದಾಮಿ ಚಿಗವ್ವ ಬರಿ." ಬಾದಾಮಿಯಲ್ಲಿ ನಮಗೆ ಇಬ್ಬರು ಚಿಗವ್ವಂದಿರು. ಯಾರು ಅಂತ ಕೇಳಿದರೆ, "ಅಕಿನ ಅಕಿ, ಖೋಡಿ!" ಅಂತ ನನಗೇ ಬೈಗುಳ.

ಕೊನೆಗೆ ಮೂರನೇ ಕ್ಲಾಸಿನ ನನ್ನ ಮಗಳು ಪೆನ್ನು ಕಸಿದುಕೊಂಡಳು. ಜೊತೆಗೆ ಒಂದು ದೊಡ್ಡ ಹಾಳೆ ತಂದು ನಮ್ಮ ಮನೆತನದ ಗಿಡ ಬರೆಯುತ್ತೇನೆ ಅಂತ ಕೂತಳು. ನಾಲ್ಕು ಗಂಟು ಕಟ್ಟುವಷ್ಟರಲ್ಲಿ ಪ್ರಶ್ನೆ ಬಂತು.

"ಆಯಿ, ಮುಧೋಳ ದೊಡ್ಡಪ್ಪನ ಮಗಳು ನನಗ ಅಕ್ಕ. ಬೀಳಗಿ ಅತ್ತಿ ಮಗಳು ಯಾಕ ಅಕ್ಕ ಅಲ್ಲ?"

ಅವ್ವ ಗಂಟು ಬಿಟ್ಟು ಎರಡು ಟಾವೆಲ್ ಎತ್ತಿಕೊಂಡಳು. ಪಕ್ಕಪಕ್ಕ ಹಾಸಿ, ಒಂದೊಂದರ ಕೆಳಗೂ ಒಂದು ದಸ್ತಿ ಇಟ್ಟಳು. "ನೋಡವಾ, ಇವ್ರು ಅಣ್ಣ-ತಮ್ಮ. ಕೆಳಗಿನವು ಇವ್ರ ಮಕ್ಕಳು. ಟಾವೆಲ್ ಪಕ್ಕ ಟಾವೆಲ್ ಐತಿ, ಹಂಗಾಗಿ ಈ ಮಕ್ಕಳೂ ತಮ್ಮತಮ್ಮೊಳಗ ಅಣ್ಣ-ತಂಗಿ." ಟಾವೆಲ್ ತೆಗೆದು ಎರಡು ಸೀರೆ ಇಟ್ಟಳು. "ಇವ್ರು ಅಕ್ಕ-ತಂಗಿ. ಇವ್ರ ಮಕ್ಕಳೂ ಅಣ್ಣ-ತಂಗಿನ." ಆಮೇಲೆ ಒಂದು ಸೀರೆ ತೆಗೆದು ಅಲ್ಲಿ ಟಾವೆಲ್ ಇಟ್ಟಳು. "ಈಗ ಇವ್ರು ಅಣ್ಣ-ತಂಗಿ. ಇವ್ರ ಮಕ್ಕಳು ಅತ್ತಿ-ಮಾವನ ಮಕ್ಕಳು. ಇವ್ರೊಳಗ ಲಗ್ನ ಕೂಡತಾವ. ಅವ್ರೊಳಗ ಆ ಮಾತು ಬಾಯಾಗ ತರಬಾರದು."

"ಭಾಳ ದೂರದವ್ರು ಬಂದ್ರ?"

"ದೂರದವ್ರಿಗೆ ಗಿಡ ಯಾಕ ಬೇಕು? ಅವ್ರನ್ನ ನಿಮ್ಮಪ್ಪ ಏನಂತ ಕರೀತಾನ, ಕೇಳು. ಅಪ್ಪ ಅಣ್ಣ ಅಂದ್ರ ನಿನಗ ದೊಡ್ಡಪ್ಪ, ತಮ್ಮ ಅಂದ್ರ ಕಾಕಾ. ಅಕ್ಕ ಅಂದ್ರೂ ತಂಗಿ ಅಂದ್ರೂ ಅತ್ತಿ. ನಿಮ್ಮವ್ವನ ಕಡಿ ತಿರುವಿ ಹಾಕು. ಅಕಿ ಅಕ್ಕ ಅಂದ್ರ ದೊಡ್ಡವ್ವ, ತಂಗಿ ಅಂದ್ರ ಚಿಗವ್ವ. ಅಣ್ಣ ತಮ್ಮ ಯಾರರ ಇರಲಿ, ಮಾಮಾ."

ಇಷ್ಟೇನಾ! ಇಷ್ಟು ವರ್ಷ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾರೇ ಎದುರಾದರೂ "ಆರಾಮ ಅದೀರೇನ್ರೀ?" ಅಂತ ಒಂದು "ರೀ" ಹಚ್ಚಿ ಮುಂದೆ ಹೋಗುತ್ತಿದ್ದೆ. ಉತ್ತರ ಕರ್ನಾಟಕದ ಗಂಡಸರ ಮಾನ ಉಳಿದಿರುವುದೇ ಆ "ರೀ"ಯಿಂದ.

ಮಗಳ ಗಿಡ ಭರಾಟೆಯಿಂದ ಬೆಳೆಯಿತು. ನಮ್ಮ ಮಾಮಾನ ಹತ್ತಿರ ಬಂದು ಟೊಂಗೆ ಮುರಿಯಿತು.

ಮಾಮಾ ಅಂದರೆ ಅವ್ವನ ಕೊನೆಯ ತಮ್ಮ. ಅವರಿಗೆ ನಮ್ಮ ದೊಡ್ಡಕ್ಕನನ್ನೇ ಕೊಟ್ಟಿದ್ದಾರೆ. ಗೊತ್ತಿದ್ದ ಮನೆ, ಹೊಲ ಹೊರಗೆ ಹೋಗುವುದಿಲ್ಲ ಅಂತ ಆಗ ಹಿರಿಯರ ಲೆಕ್ಕ. ಈಗ ಡಾಕ್ಟರು ಬೇಡ ಅನ್ನುತ್ತಾರೆ, ಹುಡುಗರೂ ಒಲ್ಲೆ ಅನ್ನುತ್ತಾರೆ. ಹೀಗಾಗಿ ಮಾಮಾ ಅವ್ವನಿಗೆ ತಮ್ಮನೂ ಹೌದು, ಅಳಿಯನೂ ಹೌದು. ನನಗೆ ಅಕ್ಕ ಅತ್ತಿಯೂ ಹೌದು. ಅವರ ಮಗ ಅವ್ವನಿಗೆ ಒಂದು ಕಡೆಯಿಂದ ಮೊಮ್ಮಗ, ಇನ್ನೊಂದು ಕಡೆಯಿಂದ ಅಳಿಯ. ಮಗಳು ಗೆರೆ ಎಳೆದು ನೋಡಿದಳು. ಮೇಲಿನ ಟೊಂಗೆ ಬಗ್ಗಿ ಬಂದು ಕೆಳಗಿನ ಟೊಂಗೆಗೆ ಸೇರಿತ್ತು.

"ಆಯಿ, ಗಿಡ ಕೆಡ್ತು."

"ಗಿಡ ಕೆಟ್ಟಿಲ್ಲವಾ, ನನ್ನ ತಮ್ಮ ಕೆಟ್ಟಾನ," ಅಂದಳು ಅವ್ವ.

ಸುಮ್ನೆ ಅಂದಿದ್ದಲ್ಲ. ಎರಡು ನಂಟು ಇರುವವರು ಬಹಳ ಜನ ಇದ್ದಾರೆ, ಆದರೆ ನಮ್ಮ ಮಾಮಾನ ಹಾಗೆ ಅದನ್ನು ದುಡಿಸಿಕೊಂಡವರು ಕಡಿಮೆ. ಊಟದ ಹೊತ್ತಿಗೆ ಅವರು ಅಳಿಯ. ಹೋಳಿಗೆ ಮೇಲೆ ತುಪ್ಪ ಕಡಿಮೆಯಾದರೆ ಅಳಿಯನ ಮುಖ ಬಾಡುತ್ತದೆ. ಗ್ಯಾಸ್ ಸಿಲಿಂಡರ್ ಎತ್ತಿ ಇಡಿ ಅಂದರೆ ತಕ್ಷಣ ಸೋದರಮಾವ. ಹಿರಿಯರಿಗೆ ಕೆಲಸ ಹಚ್ಚಬಾರದು ಅಲ್ವಾ? ಮಾತುಕತೆಗೆ ಕೂತಾಗ ಹುಡುಗನ ಸೋದರಮಾವ ಅಂತ ಕಂಬಳಿಯ ನಟ್ಟನಡುವೆ ಕೂಡುತ್ತಾರೆ. ಖರ್ಚಿನ ಮಾತು ಬಂದರೆ "ನಾ ಈ ಮನಿ ಅಳಿಯ, ನಾ ಹೆಂಗ ಬಾಯಿ ಹಾಕ್ಲಿ?" ಅಂತ ಹೊರಗೆ ಹೋಗಿ ಎಲೆ-ಅಡಿಕೆ ಹಾಕಿಕೊಳ್ಳುತ್ತಾರೆ. ಅಕ್ಕನ ಜೊತೆ ಜಗಳವಾದರೆ ಅತ್ತೆಯ ಹತ್ತಿರ ದೂರು ಹೇಳಲು ಬರುತ್ತಾರೆ. ಅತ್ತೆ ಮಗಳ ಪರ ನಿಂತರೆ "ಎಕ್ಕಾ, ನೀನೂ ಹಿಂಗಂದ್ರ?" ಅಂತ ಅದೇ ಅತ್ತೆಯ ಮುಂದೆ ತಮ್ಮನಾಗಿ ಕಣ್ಣೊರೆಸಿಕೊಳ್ಳುತ್ತಾರೆ. ಹಿಂದಿನ ಮದುವೆಯೊಂದರಲ್ಲಿ ತಮ್ಮನ ಲೆಕ್ಕಕ್ಕೆ ಧೋತರ, ಅಳಿಯನ ಲೆಕ್ಕಕ್ಕೆ ಪ್ಯಾಂಟ್ ಪೀಸು, ಎರಡೂ ಒಯ್ದಿದ್ದರು. ಈ ಸಲ ಒಂದೇ ಅಂತ ಅವ್ವ ಖಂಡಿತ ಹೇಳಿದ್ದಳು.

ಗಂಟು ಕಟ್ಟುತ್ತ ಕಟ್ಟುತ್ತ ಮಗಳು ಕೇಳಿದಳು, "ಇದೆಲ್ಲಾ ನಿನಗ ಯಾರು ಹೇಳಿಕೊಟ್ರು ಆಯಿ?"

ಅವ್ವನಿಗೆ ತವರಿನ ಹೆಳವ ನೆನಪಾದ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನ ಜೊತೆ ಬರುತ್ತಿದ್ದನಂತೆ. ಕಟ್ಟೆಯ ಮೇಲೆ ಕೂತು ದೊಡ್ಡ ಪುಸ್ತಕ ಬಿಚ್ಚಿ, ಮುತ್ತಜ್ಜನ ಅಜ್ಜನಿಂದ ಹಿಡಿದು ಎಲ್ಲರ ಹೆಸರು ಹಾಡಿನ ಹಾಗೆ ಓದುತ್ತಿದ್ದನಂತೆ. ಮನೆಯಲ್ಲಿ ಗಂಡು ಹುಟ್ಟಿದ್ದರೆ ಹೆಸರು ಬರೆದುಕೊಂಡು ಜೋಳ ಹಾಕಿಸಿಕೊಂಡು ಹೋಗುವುದು. "ನಿಮ್ಮ ಮಾಮಾನ ಹೆಸರು ಬರಸೂ ದಿನ ನಮ್ಮಪ್ಪ ಒಂದು ಚೀಲ ಜೋಳ ಕೊಟ್ಟಿದ್ದ," ಅಂದಳು.

"ನಿನ್ನ ಹೆಸರು?"

"ನಮ್ಮ ಮನಿ ಪುಸ್ತಕದಾಗ ಹೆಣ್ಣಮಕ್ಕಳ ಹೆಸರು ಓದಿದ್ದು ನಾ ಕೇಳಿಲ್ಲ."

ಹಾಗೆಂದು ಅವ್ವ ಒಂದು ಖಣದ ಮಡಿಕೆ ಸರಿಮಾಡಿದಳು. ಹಳೇ ಬಾಗಲಕೋಟೆಯಲ್ಲಿ ಒಂದೇ ಓಣಿಯಲ್ಲಿದ್ದ ನಮ್ಮ ಮಂದಿ ಆಲಮಟ್ಟಿ ಹಿನ್ನೀರು ಬಂದ ಮೇಲೆ ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಚೆದುರಿ ಹೋದರು. ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರ ಸೊಸೆ ಯಾವ ಊರಿನವಳು ಅನ್ನೋದೆಲ್ಲ ಈಗ ಇವಳೊಬ್ಬಳ ತಲೆಯಲ್ಲೇ ಇದೆ.

"ಮತ್ತ ಇಷ್ಟೆಲ್ಲಾ ಹೆಂಗ ನೆನಪಿಟ್ಟಿ?"

"ನೆನಪಿಡದ ಏನ್ ಮಾಡೂದು? ಸೀರಿ ಕೊಟ್ಟಾಕಿಗೆ ಖಣ ಕೊಟ್ರ ಸುಮ್ನ ಬಿಡ್ತಾರೇನು?"

ಮರುದಿನ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬಿದ್ದ ಮೇಲೆ ಆಯೇರಿ ಶುರುವಾಯಿತು. ಚೀಟಿ ಓದುವುದು ಮಗಳ ಕೆಲಸ. ಮಾಮಾ ಹೊಸದಾಗಿ ಕೂದಲಿಗೆ ಬಣ್ಣ ಹಚ್ಚಿಕೊಂಡು, ಬೀಗರ ಸಾಲಿನಲ್ಲಿ ಮೊದಲ ಕುರ್ಚಿ ಹಿಡಿದಿದ್ದರು. ಅವರ ಸರದಿ ಬಂದಾಗ ಇವಳು ಎರಡು ಗಂಟು ಮುಂದಿಟ್ಟುಕೊಂಡು ಕೇಳಿದಳು:

"ನಮ್ಮಪ್ಪ ನಿಮಗ ಮಾಮಾ ಅಂತಾನ. ಹಂಗ ನೋಡಿದ್ರ ನೀವು ನನಗ ಅಜ್ಜ. ಅತ್ತಿ ಗಂಡ ಅಂತ ನೋಡಿದ್ರ ಮಾಮಾ. ಅಜ್ಜಂದಿರಿಗೆ ಧೋತರ, ಮಾಮಾಂದಿರಿಗೆ ಪ್ಯಾಂಟ್ ಪೀಸು. ನೀವು ಯಾರು?"

ಬೀಗರ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಹಿಡಿದರು. ಮಾಮಾ ಬಣ್ಣ ಹಚ್ಚಿದ ಕೂದಲ ಮೇಲೆ ಒಮ್ಮೆ ಕೈಯಾಡಿಸಿದರು. ಧೋತರ ನೋಡಿದರು, ಅಂಚು ಚೆನ್ನಾಗಿತ್ತು. ಪ್ಯಾಂಟ್ ಪೀಸು ಮುಟ್ಟಿ ನೋಡಿದರು; ತೆಳ್ಳಗಿತ್ತು.

"ಅಜ್ಜನ ಅನ್ನವಾ, ಏನಾಗ್ತದ," ಅಂತ ಧೋತರ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಅವ್ವನ ಕಡೆ ತಿರುಗಿದರು. "ಎಕ್ಕಾ, ಆ ಪ್ಯಾಂಟ್ ಪೀಸ್ ಯಾರಿಗೂ ಕೊಡಬ್ಯಾಡ. ದೀಪಾವಳಿಗೆ ಅಳಿಯ ಆಗಿ ಬರ್ತೀನಿ."