ಗುಟ್ಟು ಹೇಳಿ, ಫಾರ್ಮ್ ತುಂಬಿ

ಕಚೇರಿಯ ಹಿರಿಯರು ಕಿರಿಯರಿಗೆ ದಾರಿ ತೋರುವ ಮೆಂಟರಿಂಗ್ ಕಾರ್ಯಕ್ರಮದ ಸುತ್ತೋಲೆ ಬಂದಿದೆ. ಎಲ್ಲರೂ ಓದಿರುತ್ತೀರಿ. ಓದದಿದ್ದರೂ ತೆರೆದಿರುತ್ತೀರಿ, ಯಾರ್ಯಾರು ತೆರೆದರು ಅನ್ನುವ ಲೆಕ್ಕ ಮೇಲಕ್ಕೆ ಹೋಗುತ್ತದಲ್ವಾ?

"ಮಾತುಕತೆ ಸಂಪೂರ್ಣ ಗೌಪ್ಯ" ಎಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಪ್ರತಿ ಭೇಟಿಯ 24 ಗಂಟೆಯೊಳಗೆ ಚರ್ಚಿಸಿದ ವಿಷಯ, ಅಡ್ಡಿ, ಮುಂದಿನ ಹೆಜ್ಜೆ ಎಲ್ಲ ಫಾರ್ಮ್‌ನಲ್ಲಿ ತುಂಬಿರಿ ಎಂದಿದೆ. ಒಂದು ಪ್ರತಿ ಎಚ್‌ಆರ್‌ಗೆ, ಒಂದು ನಿಮ್ಮ ಮ್ಯಾನೇಜರ್‌ಗೆ. ಇಷ್ಟು ಜನ ಸೇರಿ ಕಾಯುವ ಗುಟ್ಟು ಎಲ್ಲಿಗೆ ತಾನೇ ಹೋದೀತು!

ಜೋಡಿ ಮಾಡುವ ಕ್ರಮವಂತೂ ವೈಜ್ಞಾನಿಕವಂತೆ. ಸೇರುವಾಗಿನ ಫಾರ್ಮ್‌ನಲ್ಲಿ ಏನು ಕಲಿಯಬೇಕು ಎಂದು ಕೇಳಿದ ಕಡೆ ಎಲ್ಲರೂ "ನಾಯಕತ್ವ"ಕ್ಕೇ ಟಿಕ್ ಹಾಕಿದ್ದಾರೆ. "ಸಂಬಳ ಜಾಸ್ತಿ ಮಾಡಿಸೋದು ಹೇಗೆ" ಎಂಬ ಆಯ್ಕೆಯೇ ಇರಲಿಲ್ಲ. ಹಾಗಾಗಿ ಕೊನೆಗೆ ಜೋಡಿ ಕೂಡಿದ್ದು ಹವ್ಯಾಸದ ಮೇಲೆ. ಬೇರೆ ವಿಭಾಗಕ್ಕೆ ಹೋಗಬೇಕು, ಆದರೆ ಈಗಿನ ಬಾಸ್‌ಗೆ ಗೊತ್ತಾಗಬಾರದು ಎಂದುಕೊಂಡಿದ್ದ ಹುಡುಗಿ ಒಬ್ಬಳಿದ್ದಳು. ಚಾರಣ ಇಷ್ಟ ಎಂದು ಬರೆದಳು. ಚಾರಣ ಇಷ್ಟಪಡುವ ಹಿರಿಯರೇ ಸಿಕ್ಕರು. ಅವರು ಅವಳ ಬಾಸ್‌ನ ಬಾಸ್. ಒಬ್ಬರ ಮೇಲಧಿಕಾರಿಗಳ ಸಾಲಿನಲ್ಲಿ ಇರುವವರನ್ನು ಅವರಿಗೇ ಮೆಂಟರ್ ಮಾಡಬಾರದು ಅನ್ನುವುದು ಈ ಕೆಲಸದ ಮೊದಲ ಪಾಠ. ಆದರೆ ಆ ಸೇರುವ ಫಾರ್ಮ್‌ನಲ್ಲಿ "ನಿಮ್ಮ ಬಾಸ್ ಯಾರು" ಎಂದು ಕೇಳುವ ಜಾಗ ಇರಲಿಲ್ಲ. ಇಷ್ಟದ ಬಣ್ಣಕ್ಕೆ ಇತ್ತು.

ಸಮಯ? ತಿಂಗಳಿಗೆ ಒಂದೇ ಗಂಟೆ, ಆರು ತಿಂಗಳು. ಒಬ್ಬೊಬ್ಬ ಹಿರಿಯರ ತಲೆಗೆ ಐದೈದು ಜನ ಬಂದಿದ್ದಾರೆ, ಅಂದರೆ ಅವರಿಗೆ ಐದು ಗಂಟೆ, ಮೇಲೆ ಐದು ಫಾರ್ಮ್. ಟೈಮ್‌ಶೀಟ್‌ನಲ್ಲಿ ಮೆಂಟರಿಂಗ್‌ಗೆ ಕೋಡ್ ಇಲ್ಲ. ಹಾಗಾಗಿ ಆ ಗಂಟೆ ಊಟದ ಹೊತ್ತಿಗೆ ಸರಿಯುತ್ತದೆ, ಆಮೇಲೆ ಮುಂದಿನ ವಾರಕ್ಕೆ, ಆಮೇಲೆ "ಸುಮ್ನೆ ಹತ್ತು ನಿಮಿಷ ಫೋನಲ್ಲಿ ಮುಗಿಸೋಣಮ್ಮ" ಅನ್ನುವಲ್ಲಿಗೆ.

ಹುಡುಗಿ ಜಾಣೆ. "ಚರ್ಚಿಸಿದ ವಿಷಯ" ಎಂಬ ಕಾಲಮ್‌ನಲ್ಲಿ "ಸಮಯ ನಿರ್ವಹಣೆ" ಎಂದು ಬರೆದಳು. ಉಳಿದವರೂ ಅದನ್ನೇ ಬರೆದರು, ಯಾರ ಮನಸ್ಸೂ ನೋಯದ ವಿಷಯ ನೋಡಿ. ಬಂದ ಫಾರ್ಮ್‌ಗಳನ್ನು ಕೂಡಿ ಕಳೆದು ಮೇಲಿನವರು ನಮ್ಮ ಸಿಬ್ಬಂದಿಯ ದೊಡ್ಡ ಕೊರತೆ ಕಂಡುಹಿಡಿದರು. ಈಗ ಎಲ್ಲರಿಗೂ ಸಮಯ ನಿರ್ವಹಣೆಯ ಅರ್ಧ ದಿನದ ತರಬೇತಿ. ಹಾಜರಿ ಕಡ್ಡಾಯ.

ನಗು ಸಾಕು. ಭೇಟಿ ಆಯಿತೋ ಇಲ್ಲವೋ ಎಂದು ಒಂದು ಟಿಕ್ ಕೇಳಿ, ಅಷ್ಟು ಸಾಲದಾ? ಕಿರುಕುಳ, ಕಾನೂನು ಮೀರಿದ್ದು, ಜೀವಕ್ಕೆ ಅಪಾಯ, ಇಂಥದ್ದು ಬಂದರೆ ಮಾತ್ರ ಹೊರಗೆ ಹೇಳಲೇಬೇಕಾಗುತ್ತದೆ ಎಂದು ಮೊದಲ ದಿನವೇ ಸ್ಪಷ್ಟವಾಗಿ ತಿಳಿಸಿ. ಜೋಡಿ ಹೊಂದದಿದ್ದರೆ ಕಾರಣ ಕೇಳದೆ ಬಿಡಿಸಿ. ಇದಕ್ಕೆ ದುಡ್ಡೂ ಬೇಡ, ಸಾಫ್ಟ್‌ವೇರೂ ಬೇಡ. ಜನ ಬಾಯಿಬಿಟ್ಟು ಮಾತಾಡಲಿ ಎಂದು ಕರೆದು, ಆಡಿದ್ದನ್ನೆಲ್ಲ ಬರೆದುಕೊಡಿ ಅನ್ನುವವರಿಗೆ ಬೇಕಿರುವುದು ಮೆಂಟರ್ ಅಲ್ಲ, ವರದಿಗಾರ. ಹಾಗಂತಲೇ ಸುತ್ತೋಲೆ ಹೊರಡಿಸಿ, ನಮ್ಮ ಊಟದ ಹೊತ್ತಾದರೂ ಉಳಿಯುತ್ತದೆ.