ಡಬ್ಬಿಯ ತಳದಲ್ಲಿ A84

ಕಳೆದ ವಾರ ಅಕ್ಕನ ಮಗಳು ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದಳು. ಒಂದು ವಿದೇಶಿ ಫೇಸ್ ಕ್ರೀಮಿನ ಗಾಜಿನ ಡಬ್ಬಿ. ತುಮಕೂರಿನದೇ ಒಂದು ಗ್ರೂಪಿನಲ್ಲಿ ಯಾರೋ ಮಾರುತ್ತಿದ್ದರು. ಅಂಗಡಿ ಬೆಲೆಯ ಮೂರನೇ ಒಂದು ಪಾಲಿಗೆ. ಕೆಳಗೆ ಅವಳ ಮಾತು: "ಚಿಕ್ಕಮ್ಮ, 24M ಅಂತ ಇದೆ. ಇನ್ನೂ ಎರಡು ವರ್ಷ ಬರುತ್ತೆ ಅಲ್ವಾ? ದುಡ್ಡು ಹಾಕ್ಲಾ?"

ಹಾಕಬೇಡ, ಸ್ವಲ್ಪ ತಡಿ ಅಂದೆ.

ನಾನು ಒಂಬತ್ತು ವರ್ಷ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬಂದವಳು. ಕ್ರೀಮು, ಲೋಷನ್ ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕಡೆ ತಪಾಸಣೆ ನನ್ನ ಕೆಲಸ. ಡಬ್ಬಿಯ ತಳದಲ್ಲಿ ಬ್ಯಾಚ್ ನಂಬರು ಸರಿಯಾಗಿ ಬಿದ್ದಿದೆಯಾ ಅಂತ ನೋಡಿ ನೋಡಿ ಕಣ್ಣು ಸವೆಸಿಕೊಂಡಿದ್ದೇನೆ. ಹಾಗಾಗಿ ಮನೆಯಲ್ಲಿ ಯಾರು ಏನು ಕೊಂಡರೂ ಮೊದಲು ತಲೆಕೆಳಗು ಮಾಡಿ ನೋಡುವ ಚಾಳಿ. ಮದುವೆಮನೆಯಲ್ಲಿ ಬೇರೆಯವರ ಪೌಡರ್ ಡಬ್ಬಿ ತಿರುಗಿಸಿ ನೋಡಿ ಬೈಸಿಕೊಂಡದ್ದೂ ಇದೆ.

ಮೊದಲು ಆ 24M. ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ, ಅದರ ಒಳಗೋ ಪಕ್ಕದಲ್ಲೋ ಒಂದು ಸಂಖ್ಯೆ, ಮುಂದೆ M. ಎಂ ಅಂದರೆ ತಿಂಗಳು. ನೀವು ಮುಚ್ಚಳ ತೆಗೆದ ದಿನದಿಂದ 24 ತಿಂಗಳು ಬಳಸಬಹುದು ಅಂತ ಅರ್ಥ, ಅಷ್ಟೇ. ಡಬ್ಬಿ ಯಾವಾಗ ತಯಾರಾಯಿತು, ಎಷ್ಟು ಹಳೆಯದು ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹತ್ತು ವರ್ಷ ಹಳೆಯ ಡಬ್ಬಿಯ ಮೇಲೂ 24M ಹಾಗೇ ಇರುತ್ತದೆ. ನಿನ್ನೆ ತುಂಬಿದ್ದರ ಮೇಲೂ ಇರುತ್ತದೆ. ಅದು ಅಚ್ಚಾಗಿರುವ ಚಿತ್ರ, ದಿನ ಕಳೆದಂತೆ ಇಳಿಯುವ ಗಡಿಯಾರ ಅಲ್ಲ.

ಈ ಗುರುತು ಯುರೋಪಿನ ನಿಯಮದಿಂದ ಬಂದದ್ದು, 2005ರಿಂದ. ಅಲ್ಲಿನ ಲೆಕ್ಕ ಹೀಗಿದೆ. ಮುಚ್ಚಳ ತೆರೆಯದೆ ಇಟ್ಟಾಗ 30 ತಿಂಗಳಿಗಿಂತ ಜಾಸ್ತಿ ಬಾಳುವ ಮಾಲಿನ ಮೇಲೆ ಕೊನೆಯ ದಿನಾಂಕ ಹಾಕಲೇಬೇಕು ಅಂತಿಲ್ಲ. ಅದರ ಬದಲು ಈ ತೆರೆದ ಡಬ್ಬಿಯ ಗುರುತು ಸಾಕು. ಅದಕ್ಕೇ ಹೊರದೇಶದ ಎಷ್ಟೋ ಡಬ್ಬಿಗಳ ಮೇಲೆ ದಿನಾಂಕ ಕಾಣುವುದಿಲ್ಲ. ದಿನಾಂಕ ಇಲ್ಲ ಅಂದಮಾತ್ರಕ್ಕೆ ಕೆಡುವುದೇ ಇಲ್ಲ ಅಂತಲ್ಲ. ಕಂಪನಿ 30 ತಿಂಗಳಿಗೂ ಮೇಲೆ ಬಾಳುತ್ತದೆ ಅಂತ ಹೇಳಿದೆ, ಎಷ್ಟು ಮೇಲೆ ಅಂತ ಹೇಳಿಲ್ಲ.

ನಮ್ಮ ದೇಶದಲ್ಲಿ ಹಾಗಲ್ಲ. ಇಲ್ಲಿ ಮಾರುವ ಡಬ್ಬಿಯ ಮೇಲೆ ಯಾವ ತಿಂಗಳೊಳಗೆ ಬಳಸಬೇಕು ಅಂತ ಇರಬೇಕು. ಹೊರಗಿನಿಂದ ತರಿಸಿದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಕೂಡ ಇರಬೇಕು. ಸಾಮಾನ್ಯವಾಗಿ ಒಂದು ಬಿಳಿ ಸ್ಟಿಕ್ಕರಿನಲ್ಲಿ ಇದೆಲ್ಲ ಇರುತ್ತದೆ. ಈ ಡಬ್ಬಿಯ ಫೋಟೋದಲ್ಲಿ ಸ್ಟಿಕ್ಕರ್ ಇರಲಿಲ್ಲ. ಪೆಟ್ಟಿಗೆಯ ಹಿಂದೆ ಒಂದು ಚೌಕದಲ್ಲಿ ಮಾತ್ರ ಹೊಳಪು ಕಮ್ಮಿ, ಅಂಚಿನಲ್ಲಿ ಅಂಟಿನ ಕಪ್ಪು ಗೆರೆ. ಅಂದರೆ ಸ್ಟಿಕ್ಕರ್ ಇತ್ತು, ಯಾರೋ ಕಿತ್ತಿದ್ದಾರೆ. ನನ್ನನ್ನು ಕೇಳಿದರೆ ಇಲ್ಲಿಗೇ ಮಾತು ಮುಗಿಯಿತು. ಆದರೆ ಹುಡುಗಿ ಕೇಳಬೇಕಲ್ಲ? "ಗಿಫ್ಟ್ ಬಂದಿದ್ದಂತೆ, ಬೆಲೆ ಕಾಣಬಾರದು ಅಂತ ತೆಗೆದಿದ್ದಾರಂತೆ" ಅಂದಳು. ಸರಿ, ಹಾಗಾದರೆ ತಳ ನೋಡೋಣ ಅಂತ ಕೂತೆ.

ತಳದಲ್ಲಿ ಮೂರೇ ಮೂರು ಅಕ್ಷರ. A84.

ಬ್ಯಾಚ್ ಅಂದರೆ ಒಂದು ಸಲಕ್ಕೆ ಒಂದು ದೊಡ್ಡ ಪಾತ್ರೆಯಲ್ಲಿ ಕಲಸಿ ತಯಾರಿಸಿದ ಮಾಲು. ನಾಳೆ ಏನಾದರೂ ದೂರು ಬಂದರೆ ಇದು ಯಾವ ಪಾತ್ರೆಯದು, ಅವತ್ತು ಯಾವ ಎಣ್ಣೆ ಬಳಸಿದ್ದೆವು ಅಂತ ಹುಡುಕುವುದಕ್ಕೆ ಆ ನಂಬರು. ಕಾರ್ಖಾನೆಯ ಲೆಕ್ಕಪುಸ್ತಕಕ್ಕಾಗಿ ಇರುವುದು, ನಮಗಾಗಿ ಅಲ್ಲ. ಅದಕ್ಕೇ ಎಲ್ಲ ಕಂಪನಿಗೂ ಒಂದೇ ಪದ್ಧತಿ ಇಲ್ಲ. ಕೆಲವರು ವರ್ಷದ ಕೊನೆಯ ಅಂಕಿ ಬರೆದು, ಮುಂದೆ ವರ್ಷದ ಎಷ್ಟನೇ ದಿನ ಅಂತ ಹಾಕುತ್ತಾರೆ. 4123 ಅಂದರೆ ನಾಲ್ಕರಲ್ಲಿ ಮುಗಿಯುವ ವರ್ಷದ 123ನೇ ದಿನ. 2024 ಆದರೆ ಮೇ 2, ಅಧಿಕ ವರ್ಷ ಅಲ್ವಾ. 2014 ಆದರೆ ಮೇ 3.

ಮೂರಕ್ಷರದ ಈ ಪದ್ಧತಿ ಎಸ್ಟೀ ಲಾಡರ್ ಗುಂಪಿನದು. ಕ್ಲಿನಿಕ್, ಮ್ಯಾಕ್ ಎಲ್ಲ ಅದರಲ್ಲೇ ಬರುತ್ತವೆ. ಮೊದಲನೆಯದು ಕಾರ್ಖಾನೆಯ ಗುರುತು. ಎರಡನೆಯದು ತಿಂಗಳು. ಜನವರಿಯಿಂದ ಸೆಪ್ಟೆಂಬರಿಗೆ 1ರಿಂದ 9, ಆಮೇಲೆ ಅಕ್ಟೋಬರಿಗೆ A, ನವೆಂಬರಿಗೆ B, ಡಿಸೆಂಬರಿಗೆ C. ಮೂರನೆಯದು ವರ್ಷದ ಕೊನೆಯ ಅಂಕಿ. ಹಾಗಾದರೆ A84 ಅಂದರೆ ಆಗಸ್ಟ್, ನಾಲ್ಕರಲ್ಲಿ ಮುಗಿಯುವ ವರ್ಷ.

ಫೋಟೋ ಮಸುಕಾಗಿತ್ತು. ನಡುವಿನದು 8 ಇರಬಹುದು, B ಕೂಡ ಇರಬಹುದು. ಇಂಥ ಕಡೆ ತಲೆ ಕೆಡಿಸಿಕೊಳ್ಳುವ ಮೊದಲು ತಪ್ಪಾದರೆ ನಷ್ಟ ಎಷ್ಟು ಅಂತ ನೋಡಬೇಕು. ಆಗಸ್ಟ್ ಬದಲು ನವೆಂಬರ್ ಆದರೆ ಮೂರು ತಿಂಗಳ ವ್ಯತ್ಯಾಸ. ಕೊನೆಯ ಅಂಕಿ ತಪ್ಪಿದರೆ ವರ್ಷಗಟ್ಟಲೆ. ನಮ್ಮ ಡಬ್ಬಿಯಲ್ಲಿ 4 ಮಾತ್ರ ಸ್ಪಷ್ಟವಾಗಿತ್ತು, ಪುಣ್ಯ.

ಆದರೆ ಯಾವ ನಾಲ್ಕು? 2024ಆ, 2014ಆ?

ಜನ ಮೋಸ ಹೋಗುವುದು ಇಲ್ಲೇ. ಒಂದೇ ಅಂಕಿಯಲ್ಲಿ ವರ್ಷ ಬರೆದರೆ ಹತ್ತು ವರ್ಷಕ್ಕೊಮ್ಮೆ ಅದೇ ಕೋಡ್ ಮತ್ತೆ ಬರಬಹುದು. ಅಂಗಡಿಯಲ್ಲಿ ಮಾಲು ಹತ್ತು ವರ್ಷ ಕೂರುವುದಿಲ್ಲ, ಹಾಗಾಗಿ ಕಂಪನಿಗೆ ಇದರಿಂದ ತೊಂದರೆ ಇಲ್ಲ. ತೊಂದರೆ ಆಗುವುದು ಬೀರುವಿನಿಂದ, ಗೋಡೌನಿನ ಮೂಲೆಯಿಂದ ಎದ್ದು ಬರುವ ಡಬ್ಬಿಗಳಲ್ಲಿ. ಅಕ್ಕನ ಮಗಳು ಕೋಡ್ ಬಿಡಿಸಿ ಹೇಳುವ ಒಂದು ವೆಬ್‌ಸೈಟಿನಲ್ಲಿ ಹಾಕಿ ನೋಡಿದ್ದಳು. ಆಗಸ್ಟ್ 2024 ಅಂತ ಬಂತಂತೆ. ಬಂದೇ ಬರುತ್ತದೆ. ಅದಕ್ಕೆ ಡಬ್ಬಿ ಕಾಣುವುದಿಲ್ಲ, ಮೂರಕ್ಷರ ಮಾತ್ರ ಕಾಣುತ್ತದೆ. ಎರಡು ವರ್ಷ ಹೊಂದುವಾಗ ಹತ್ತಿರದ್ದನ್ನು ತೋರಿಸಿದೆ.

ಹತ್ತು ವರ್ಷದ ಈ ಗೊಂದಲ ಬಿಡಿಸಲು ಕೋಡಿನಿಂದ ಆಗುವುದಿಲ್ಲ, ಹೊರಗಿನ ಸಾಕ್ಷಿ ಬೇಕು. ನನಗೆ ಸಿಕ್ಕಿದ್ದು ಪೆಟ್ಟಿಗೆಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ಫೋಟೋ ಹಿಗ್ಗಿಸಿ ಕೊನೆಯ ಎರಡು ಸಾಲು ಓದಿದೆ, ಸುವಾಸನೆಗೆ ಹಾಕುವ ವಸ್ತುಗಳ ಹೆಸರು ಬರುವ ಕಡೆ. ಅಲ್ಲಿತ್ತು Butylphenyl Methylpropional. ಲಿಲಿಯಲ್ ಅಂತಲೂ ಕರೆಯುತ್ತಾರೆ, ಹೂವಿನ ವಾಸನೆ ಕೊಡುವ ವಸ್ತು. ಒಂದು ಕಾಲಕ್ಕೆ ಕ್ರೀಮು, ಶಾಂಪೂ, ಸೆಂಟು ಎಲ್ಲದರಲ್ಲೂ ಇರುತ್ತಿತ್ತು. ಸಂತಾನಶಕ್ತಿಗೆ ಹಾನಿ ಮಾಡಬಹುದು ಎಂಬ ವರ್ಗಕ್ಕೆ ಅದನ್ನು ಸೇರಿಸಿದ ಮೇಲೆ ಯುರೋಪಿನಲ್ಲಿ 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದರು.

ಈಗ ಜೋಡಿಸಿ ನೋಡಿ. ಪೆಟ್ಟಿಗೆಯ ಮೇಲೆ ಯುರೋಪಿನ ವಿಳಾಸವೂ ಇದೆ. ಅಲ್ಲಿಯ ಮಾರುಕಟ್ಟೆಗೂ ಹೋಗುವ ಪೆಟ್ಟಿಗೆ ಅದು. 2022ರ ಮಾರ್ಚಿನಿಂದ ಅಲ್ಲಿ ಮಾರುವಂತಿಲ್ಲದ ವಸ್ತುವನ್ನು ಹಾಕಿ 2024ರ ಆಗಸ್ಟಿನಲ್ಲಿ ಅದೇ ಪೆಟ್ಟಿಗೆಗೆ ತುಂಬುತ್ತಾರಾ? ತುಂಬುವುದಿಲ್ಲ. ಹಾಗಾದರೆ ಉಳಿದದ್ದು 2014.

ಇಷ್ಟಕ್ಕೇ ನಾನು ತೀರ್ಪು ಕೊಡಲಿಲ್ಲ. ನನ್ನ ಸಾಕ್ಷಿ ಇರುವುದು ಪೆಟ್ಟಿಗೆಯ ಮೇಲೆ, ಕೋಡ್ ಓದಿದ್ದು ಡಬ್ಬಿಯ ತಳದಲ್ಲಿ. ಎರಡೂ ಒಂದೇ ಜೋಡಿ ಅಂತ ಏನು ಗ್ಯಾರಂಟಿ? ಹಳೆ ಪೆಟ್ಟಿಗೆಗೆ ಹೊಸ ಡಬ್ಬಿ ಹಾಕಿರಬಹುದು, ಇನ್ನೂ ಜಾಸ್ತಿ ಆಗುವುದು ಅದರ ಉಲ್ಟಾ. ಅದಕ್ಕೆ ಅವಳಿಗೆ ಹೇಳಿದೆ, ಡಬ್ಬಿ ಬೋರಲು ಹಾಕಿ, ಪೆಟ್ಟಿಗೆಯ ತಳ ಪಕ್ಕದಲ್ಲಿಟ್ಟು, ಎರಡೂ ಒಂದೇ ಫೋಟೋದಲ್ಲಿ ಬರಬೇಕು ಅಂತ ಕೇಳು. ಫ್ಲ್ಯಾಶ್ ಬೇಡ. ಕಿಟಕಿ ಹತ್ತಿರ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿಯಲಿ. ನೇರ ಬೆಳಕಿಗೆ ಗಾಜು ಹೊಳೆದು ಒತ್ತಿದ ಅಕ್ಷರ ಮಾಯ ಆಗುತ್ತದೆ. ಓರೆ ಬೆಳಕಿಗೆ ಅದೇ ಅಕ್ಷರದ ನೆರಳು ಬೀಳುತ್ತದೆ.

ಇನ್ನೊಂದೂ ನೋಡುವುದಿತ್ತು. ನಮ್ಮಲ್ಲಿ ಶಾಯಿ ಸಿಂಪಡಿಸಿ ನಂಬರು ಹಾಕುತ್ತಿದ್ದೆವು. ತಪ್ಪು ಬಿದ್ದರೆ ಅಸಿಟೋನಿನಲ್ಲಿ ಹತ್ತಿ ಅದ್ದಿ ಒರೆಸಿ ಮತ್ತೆ ಹಾಕುವುದು. ಉಗುರು ಬಣ್ಣ ತೆಗೆಯುವ ನೀರಿನಲ್ಲೂ ಬಹಳ ಸಲ ಅದೇ ಇರುತ್ತದೆ. ಅಂದರೆ ಯಾರು ಬೇಕಾದರೂ ಒರೆಸಬಹುದು. ಒರೆಸಿದ ಕಡೆ ಮಬ್ಬು ಮಚ್ಚೆ ಉಳಿಯುತ್ತದೆ, ಪ್ಲಾಸ್ಟಿಕ್ ಆದರೆ ಹೊಳಪು ಹೋಗಿರುತ್ತದೆ.

ಮಾರನೇ ದಿನ ಫೋಟೋ ಬಂತು. ಪೆಟ್ಟಿಗೆಯ ತಳದಲ್ಲೂ A84. ಮಚ್ಚೆ ಇಲ್ಲ, ಒರೆಸಿದ್ದಲ್ಲ. ನಡುವಿನದು ಎಂಟೇ. 2014ರ ಆಗಸ್ಟ್. 30 ತಿಂಗಳು ಕೂಡಿಸಿದರೆ 2017ರ ಫೆಬ್ರವರಿ. ಉದಾರವಾಗಿ ಇನ್ನೆರಡು ವರ್ಷ ಕೊಟ್ಟರೂ ಕತೆ ಯಾವಾಗಲೋ ಮುಗಿದಿದೆ.

"ಸೀಲ್ ಹಾಗೇ ಇದೆಯಲ್ಲ ಚಿಕ್ಕಮ್ಮ, ಗಾಳಿನೇ ಹೋಗಿಲ್ಲ" ಅಂದಳು. ಸೀಲ್ ಇದ್ದರೆ ಬೆರಳು ಹೋಗಿಲ್ಲ, ಅದರಿಂದ ಬರುವ ಬ್ಯಾಕ್ಟೀರಿಯಾ, ಬೂಷ್ಟು ಕಮ್ಮಿ, ಒಪ್ಪುತ್ತೇನೆ. ಆದರೆ ಮುಚ್ಚಳದ ಕೆಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ಕ್ರೀಮ್ ಅಂದರೆ ಎಣ್ಣೆ ಮತ್ತು ನೀರನ್ನು ಬಲವಂತವಾಗಿ ಸೇರಿಸಿಟ್ಟ ಸಂಸಾರ. ವರ್ಷ ಕಳೆದಂತೆ, ಬಿಸಿ ತಾಗಿದಂತೆ ಎಣ್ಣೆ ಕಮಟುತ್ತದೆ, ಎರಡೂ ಬೇರೆಯಾಗುತ್ತವೆ. ಕೆಡದಂತೆ ಹಾಕಿದ ವಸ್ತುವಿನ ಶಕ್ತಿಯೂ ಇಳಿಯುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ತಗಡಿನ ಛಾವಣಿ ಕೆಳಗೆ ಇಟ್ಟಿದ್ದರಂತೂ ಕೇಳಲೇಬೇಡಿ. ಎಲ್ಲಿ ಇಟ್ಟಿದ್ದರು ಅನ್ನೋದು ಯಾವ ಕೋಡಿನಲ್ಲೂ ಇರುವುದಿಲ್ಲ. ಕೈಯಲ್ಲಿ ಡಬ್ಬಿ ಇದ್ದಿದ್ದರೆ ಮೂಗು ಹೇಳುತ್ತಿತ್ತು, ಹಳೇ ಕಡಲೆಕಾಯಿ ಎಣ್ಣೆ ವಾಸನೆ ಬರುತ್ತದೆ. ಬಣ್ಣ ಹಳದಿಗೆ ತಿರುಗಿರುತ್ತದೆ, ಅಂಚಿನಲ್ಲಿ ಎಣ್ಣೆ ನಿಂತಿರುತ್ತದೆ. ಫೋಟೋದಲ್ಲಿ ವಾಸನೆ ಬರುವುದಿಲ್ಲವಲ್ಲ, ಅದಕ್ಕೇ ಇಷ್ಟು ಪತ್ತೇದಾರಿ.

ನಾನು ಲೆಕ್ಕ ಮಾಡಿದ ರೀತಿಗೂ ಮಿತಿ ಇದೆ. ಪಟ್ಟಿಯಲ್ಲಿ ಲಿಲಿಯಲ್ ಇಲ್ಲದಿದ್ದರೆ ಹೊಸದು ಅಂತ ಹೇಳುವ ಹಾಗಿಲ್ಲ, ಎಷ್ಟೋ ಹಳೆಯ ಕ್ರೀಮುಗಳಲ್ಲಿ ಅದನ್ನು ಹಾಕುತ್ತಲೇ ಇರಲಿಲ್ಲ. ಯುರೋಪಿಗೆ ಹೋಗದ ಮಾಲಿಗೂ ಈ ಲೆಕ್ಕ ಹೊಂದುವುದಿಲ್ಲ. ಆಗ ಕಂಪನಿಯ ಗ್ರಾಹಕ ವಿಭಾಗಕ್ಕೆ ಕೋಡ್ ಕಳಿಸಿ ಕೇಳುವುದೇ ದಾರಿ. ಪೂರ್ತಿ ಲೆಕ್ಕಪುಸ್ತಕ ಇರುವುದು ಅವರ ಹತ್ತಿರ ಮಾತ್ರ.

ಮಾರುವವರಿಗೆ ಅಕ್ಕನ ಮಗಳು ನೇರವಾಗಿ ಬರೆದಳು, ಇದು 2014ರದ್ದು, ಪೆಟ್ಟಿಗೆ ಮೇಲಿನ ಪಟ್ಟಿಯಿಂದ ಗೊತ್ತಾಯಿತು, ಬೇಡ ಅಂತ. ನಾನು ಜಗಳ ಆಗುತ್ತದೆ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಅಷ್ಟೇನಾ ಮೇಡಂ? ಬೇರೆ ಬಾಕ್ಸ್ ಇದೆ, ಹಾಕಿ ಕೊಡ್ಲಾ?"